ಕರಿಯರ್ಸ್ ಪೇಜೇ ಇಲ್ಲದ ಹುಬ್ಬಳ್ಳಿ ಸ್ಟಾರ್ಟಪ್‌ಗೆ ಇಂಟರ್ನ್‌ಶಿಪ್ ಕೇಳಿ ಮೇಲ್ ಹಾಕೂದು ಹೆಂಗ?

ಹಾವೇರಿ ಇಸಿ ಹುಡುಗ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಹಾವೇರಿಯೊಳಗ ಇಂಜಿನಿಯರಿಂಗ್ ಓದಾಕತ್ತೇನಿ, ಇಸಿ, ಐದನೇ ಸೆಮ್. ಹುಬ್ಬಳ್ಳಿಯೊಳಗ ಒಂದು ಸಣ್ಣ ಸ್ಟಾರ್ಟಪ್ ಐತಿ, ಹೆಸರು ಬ್ಯಾಡ. ಕೋಲ್ಡ್ ಸ್ಟೋರೇಜ್ ಒಳಗ ಟೆಂಪರೇಚರ್ ಹ್ಯುಮಿಡಿಟಿ ಎಷ್ಟೈತಿ ಅಂತ ಮಾಲೀಕರ ಫೋನಿಗೆ ತೋರಿಸೂ ಡಿವೈಸ್ ಮಾಡ್ತಾರ, ಬ್ಯಾಡಗಿ ಕಡೆ ಮೆಣಸಿನಕಾಯಿ ಇಡೂ ಸ್ಟೋರೇಜ್‌ಗೋಳಿಗೆ ಹಾಕ್ಯಾರ. ನನಗ ಅಲ್ಲೇ ಮಾಡಬೇಕು ಅಂತ ಭಾಳ ಐತಿ, ಆದ್ರ ಅವರ ವೆಬ್‌ಸೈಟಿನ್ಯಾಗ ಕರಿಯರ್ಸ್ ಪೇಜೇ ಇಲ್ಲ, ಲಿಂಕ್ಡ್‌ಇನ್ ಮ್ಯಾಲೂ ಎಂದೂ ಇಂಟರ್ನ್ ಬೇಕು ಅಂತ ಹಾಕಿಲ್ಲ. ಫೌಂಡರ್‌ಗೆ ಸೀದಾ ಮೇಲ್ ಹಾಕೋಣ ಅಂತ ಮಾಡೇನಿ. ಮೇಲ್ ಇಂಗ್ಲಿಷ್‌ನ್ಯಾಗ ಕಳಸಾಂವ, ಇಲ್ಲಿ ನಿಮಗ ಕನ್ನಡದಾಗ ಹಾಕ್ತೇನಿ, ನೋಡಿ ಹೇಳ್ರಿ.

> ವಿಷಯ: ಇಂಟರ್ನ್‌ಶಿಪ್ ಅವಕಾಶ ಕೋರಿ ಮನವಿ
>
> ಮಾನ್ಯರೇ, ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಮೂರನೇ ವರ್ಷದ ವಿದ್ಯಾರ್ಥಿ. ನಾನು ಶ್ರಮಜೀವಿ, ಹೊಸದನ್ನು ಕಲಿಯುವ ಹಂಬಲವುಳ್ಳವನು, ತಂಡದಲ್ಲಿ ಕೆಲಸ ಮಾಡಬಲ್ಲೆ. ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಯಾವುದಾದರೂ ಇಂಟರ್ನ್‌ಶಿಪ್ ಖಾಲಿ ಇದ್ದಲ್ಲಿ ದಯವಿಟ್ಟು ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ.

ಬಸ್ಯಾ ನವನಗರ

ಮೇಲ್ ಚಲೋ ಐತಿ ದೋಸ್ತ, ಆದ್ರ ಒಂದs ಕಂಪನಿಗೆ ಹಾಕಿ ಕುಂದ್ರಬ್ಯಾಡ. ಎಕ್ಸೆಲ್ ಶೀಟ್ ಮಾಡು, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಎಲ್ಲಾ ಸ್ಟಾರ್ಟಪ್ ಹೆಸರು, ಮೇಲ್ ಐಡಿ ಹಾಕು, ಮೇಲ್ ಮರ್ಜ್ ಹೊಡಿ, ಒಂದs ರಾತ್ರಿಯೊಳಗ ಎಲ್ಲಾರಿಗೂ ಹೋಗಿಬಿಡ್ತೈತಿ. ನಾನು ಹಂಗs ಮಾಡಿದ್ದೆ, ಇಬ್ಬರು ರಿಪ್ಲೈ ಮಾಡಿದ್ರು. ಇದೆಲ್ಲಾ ನಂಬರ್ ಆಟ.

ಬೆಂಗಳೂರಿಗೆ ಹೋದಾಂವ

ಇಷ್ಟೆಲ್ಲಾ ಯಾಕಪಾ, ಪಿಎಂ ಇಂಟರ್ನ್‌ಶಿಪ್ ಸ್ಕೀಮ್ ಪೋರ್ಟಲ್ ಐತಲ್ಲ, ಅದರಾಗ ರಿಜಿಸ್ಟರ್ ಮಾಡು, ತಿಂಗಳಾ ರೊಕ್ಕಾನೂ ಬರ್ತೈತಿ.

ಧಾರವಾಡದ ಮಾಸ್ತರ

ಅದು ಇವಂಗ ಬರೂದಿಲ್ಲಪ್ಪಾ. ಫುಲ್ ಟೈಮ್ ಕಾಲೇಜಿನ್ಯಾಗ ನಡುವಿನ ವರ್ಷ ಓದಲಿಕ್ಕೆ ಹತ್ತಿದವರಿಗೆ ಮಾಡಿದ ಸ್ಕೀಮ್ ಅಲ್ಲ ಅದು, ಮತ್ತ ಅಲ್ಲಿ ಇರೋವು ದೊಡ್ಡ ದೊಡ್ಡ ಕಂಪನಿಗಳು. ಹುಡುಗ ಕೇಳಲಿಕ್ಕೆ ಹತ್ತಿದ್ದು ಎಲ್ಲೂ ಜಾಹೀರಾತು ಮಾಡದ ಜಾಗಾದ ಬಗ್ಗೆ. ಪೋರ್ಟಲ್ ಮಾತು ಬ್ಯಾರೆ ಅದ.

ಸೋಲ್ಡರ್ ಅಕ್ಕ

ನಾನು ಗೋಕುಲ ರೋಡ್ ಕಡೆ ಒಂದು ಸಣ್ಣ ಹಾರ್ಡ್‌ವೇರ್ ಕಂಪನಿ ನಡಸ್ತೇನಿ, ಎಲ್ಲಾ ಸೇರಿ ಆರು ಮಂದಿ ಇದ್ದೀವಿ, ಹಂಗಾಗಿ ಇಂಥಾ ಮೇಲ್ ನನಗs ಬರ್ತಾವ. ತಮ್ಮಾ, ಬ್ಯಾಸರ ಮಾಡ್ಕೋಬ್ಯಾಡ, ಈ ಮೇಲ್ ನನಗ ಬಂದಿದ್ರ ನಾನು ಉತ್ತರ ಕೊಡತಿರಲಿಲ್ಲ. ನೀನು ಶಾಣ್ಯಾ ಅಲ್ಲ ಅಂತಲ್ಲ, ನೀನು ಕೇಳಿದ ಪ್ರಶ್ನೆಗೆ ನನ್ನ ಹತ್ರ ಉತ್ತರನ ಇಲ್ಲ ಅದಕ್ಕ.

"ಇಂಟರ್ನ್‌ಶಿಪ್ ಖಾಲಿ ಐತೇನ್ರಿ" ಅಂತ ಕೇಳಿದ್ರ ನಮ್ಮಂಥಾ ಕಂಪನಿಯೊಳಗ ಎಂದೂ ಖಾಲಿ ಇರಾಂಗಿಲ್ಲ, ಯಾಕಂದ್ರ ಆ ಪೋಸ್ಟ್ ಅನ್ನೂದs ನಾವು ಮಾಡಿಲ್ಲ. ಜಾಹೀರಾತು ಯಾಕ ಹಾಕೂದಿಲ್ಲ ಗೊತ್ತೇನು, ಒಮ್ಮೆ ವಾಟ್ಸಾಪ್ ಗ್ರೂಪಿಗೆ ಇಂಟರ್ನ್ ಬೇಕು ಅಂತ ಬಿಟ್ರ ಸಂಜಿಮಟಾ ಮೂರು ಜಿಲ್ಲಾದ ರೆಸ್ಯೂಮೆ ಬಂದು ಬೀಳ್ತಾವ, ಅವನ್ನ ಕುಂತು ನೋಡಾಕ ನಮ್ಮಲ್ಲೆ ಎಚ್‌ಆರ್ ಅಂತ ಯಾರೂ ಇಲ್ಲ. ಮತ್ತ ಇಂಟರ್ನ್ ಬಂದ್ರ ಮೊದಲ ಎರಡು ವಾರ ನಮ್ಮ ಒಬ್ಬ ಇಂಜಿನಿಯರ್‌ನ ಅರ್ಧಾ ದಿನ ಅವನ ಹಿಂದs ಹೋಗ್ತೈತಿ. ಹಂಗಾಗಿ ಫೌಂಡರ್ ತಲಿಯೊಳಗ ಬರೂ ಪ್ರಶ್ನೆ "ಜಾಗಾ ಐತೇನು" ಅನ್ನೂದಲ್ಲ, "ಈ ಹುಡುಗಗ ಕೊಡುವಂಥಾ ಕೆಲಸ ಒಂದು ಕಣ್ಣಿಗೆ ಕಾಣ್ತೈತೇನು, ಅದನ್ನ ಇಂವ ತಾನs ಎಷ್ಟು ದೂರ ಒಯ್ತಾನ" ಅನ್ನೂದು. ಅದನ್ನ ನೀನs ಮೇಲಿನ್ಯಾಗ ತೋರಿಸಿದ್ರ ಇಲ್ಲದ ಜಾಗಾನೂ ಆಗ್ತೈತಿ.

ಶ್ರಮಜೀವಿ, ಕಲಿಯೂ ಹಂಬಲ, ಪ್ರತಿಷ್ಠಿತ ಸಂಸ್ಥೆ, ಇವೆಲ್ಲಾ ತಗದು ಒಗಿ. ಆರು ಮಂದಿ ಕಂಪನಿಗೆ ಪ್ರತಿಷ್ಠಿತ ಅಂದ್ರ ಇಂವ ನಮ್ಮ ವೆಬ್‌ಸೈಟ್ ನೋಡಿಲ್ಲ ಅಂತ ಗೊತ್ತಾಗಿಬಿಡ್ತೈತಿ. ಒಂದು ಕೇಳ್ತೇನಿ, ಆ ಡಿವೈಸಿಗೆ ಹತ್ತಿದ ಕೆಲಸ ನೀನು ಏನಾರ ಕೈಯಾರೆ ಮಾಡೀಯೇನು? ಮಿನಿ ಪ್ರಾಜೆಕ್ಟ್ ಅಂತ ಕಾಲೇಜಿಗೆ ಕೊಟ್ಟಿದ್ದಲ್ಲ, ಖರೇನ ಓಡಿಸಿದ್ದು.

ಬಸ್ಯಾ ನವನಗರ

ಅಕ್ಕಾರ, ಅಂದ್ರ ನಂಬರ್ ಮುಖ್ಯ ಅಲ್ಲೇನ್ರಿ? ಒಬ್ಬರಿಗೆ ಬರದು ಕುಂತ್ರ ಅವರು ಊರಾಗ ಇಲ್ಲ ಅಂದ್ರ ಕತಿ ಮುಗೀತು.

ಸೋಲ್ಡರ್ ಅಕ್ಕ

ಬಸ್ಯಾ, ಒಬ್ಬರಿಗೇ ಹಾಕಬಾರದು ಅನ್ನೂದು ಖರೆ. ಎಂಟು ಹತ್ತು ಕಂಪನಿ ಹುಡುಕಿ ಒಂದೊಂದಕ್ಕ ಕುಂತು ಬರೀಲಿ. ಆದ್ರ ಹುಬ್ಬಳ್ಳಿ ಎಷ್ಟು ದೊಡ್ಡದೈತಿ ಹೇಳು. ನಮ್ಮಾಗ ಅರ್ಧಾ ಮಂದಿ ದೇಶಪಾಂಡೆ ಸ್ಟಾರ್ಟಪ್ಸ್ ಕಟ್ಟಡದಾಗ ಇಲ್ಲಾ ಕೆಎಲ್‌ಇ ಟೆಕ್ ಕ್ಯಾಂಪಸ್ಸಿನ್ಯಾಗ ದಿನಾ ಮಾರಿ ನೋಡಾವ್ರು. ಒಂದs ಮೇಲ್ ಹೆಸರು ಬದಲಿ ಮಾಡಿ ಎಲ್ಲಾರಿಗೂ ಬಂದ್ರ ಚಾ ಕುಡಿಯೂ ಮುಂದ "ನಿನಗೂ ಬಂತೇನು" ಅಂತ ತೋರಿಸಿಕೋತೀವಿ. ಒಮ್ಮೆ ಅಂತೂ ನನಗ ಬಂದ ಮೇಲಿನ್ಯಾಗ ಮ್ಯಾಲೆ ನನ್ನ ಹೆಸರು, ಕೆಳಗ ಬ್ಯಾರೆ ಕಂಪನಿ ಹೆಸರು ಇತ್ತು. ಬೆಂಗಳೂರಿನ ದೊಡ್ಡ ಲಿಸ್ಟಿಗೆ ನಿನ್ನ ಲೆಕ್ಕ ನಡೀಬಹುದು, ಇಲ್ಲೆ ನಡ್ಯಾಂಗಿಲ್ಲ.

ಹಾವೇರಿ ಇಸಿ ಹುಡುಗ

ಅಕ್ಕಾರ, ಮಾಡೇನ್ರಿ. ನಮ್ಮ ಮಾಮಾರದು ಬ್ಯಾಡಗಿಯೊಳಗ ಮೆಣಸಿನಕಾಯಿ ಗೋಡೌನ್ ಐತಿ, ಕೋಲ್ಡ್ ಸ್ಟೋರೇಜ್ ಅಲ್ಲ, ಸಾದಾ ತಗಡಿಂದು. ಅಲ್ಲಿ ಇಎಸ್‌ಪಿ32 ಬೋರ್ಡಿಗೆ ಡಿಎಚ್‌ಟಿ22 ಸೆನ್ಸರ್ ಹಚ್ಚಿ ಹದಿನೈದು ನಿಮಿಷಕ್ಕೊಮ್ಮೆ ರೀಡಿಂಗ್ ಕಳಸೂದು ಮಾಡಿದ್ದೆ. 2000 ಎಂಎಎಚ್ ಬ್ಯಾಟರಿ ಹತ್ತs ದಿನಕ್ಕ ಸತ್ತು ಹೋತು. ಡೀಪ್ ಸ್ಲೀಪ್ ಹಾಕಿದ್ದೆ, ಚಿಪ್ ಅಂತೂ ಮಲಗಿದಾಗ ಹತ್ತು ಮೈಕ್ರೋಆಂಪ್ ಅಷ್ಟs ತಿಂತೈತಿ ಅಂತ ಡೇಟಾಶೀಟ್ ಹೇಳ್ತೈತಿ, ಆದ್ರ ಮೀಟರ್ ಹಚ್ಚಿ ನೋಡಿದ್ರ ಬೋರ್ಡ್ 8 ಮಿಲಿಆಂಪ್ ತಿನ್ನಾಕತ್ತಿತ್ತು. ಅದರ ಮ್ಯಾಲಿರೂ ಪವರ್ ಎಲ್‌ಇಡಿ, ಯುಎಸ್‌ಬಿ ಚಿಪ್, ಎಎಂಎಸ್1117 ರೆಗ್ಯುಲೇಟರ್ ಸೇರಿ ತಿನ್ನೂದು ಅದು. ಬರೇ ಮಾಡ್ಯೂಲ್ ತಗೊಂಡು ಎಂಸಿಪಿ1700 ರೆಗ್ಯುಲೇಟರ್ ಹಾಕಿದೆ, ಈಗ ಮಲಗಿದಾಗ ಅಗದೀ ಕಡಿಮಿ ಐತಿ. ಲೆಕ್ಕದ ಪ್ರಕಾರ ಐದಾರು ತಿಂಗಳು ಬರಬೇಕು, ಇನ್ನೂ ಪೂರ್ತಿ ಓಡಿಸಿ ನೋಡಿಲ್ಲ. ಇದನ್ನ ಬರೀಬೇಕೇನ್ರಿ? ಸಣ್ಣದು ಅನಿಸ್ತು ಅಂತ ರೆಸ್ಯೂಮೆದಾಗ "ಐಒಟಿ ಪ್ರಾಜೆಕ್ಟ್" ಅಂತಷ್ಟs ಹಾಕೇನಿ.

ಸೋಲ್ಡರ್ ಅಕ್ಕ

ಯಪ್ಪಾ, ಇದನ್ನ ಬಿಟ್ಟು ಶ್ರಮಜೀವಿ ಅಂತ ಬರದೀಯಲ್ಲೋ!

2000ನ್ನ 8ರಿಂದ ಭಾಗಿಸಿದ್ರ 250 ತಾಸು, ಅಂದ್ರ ಹತ್ತು ದಿನ, ಲೆಕ್ಕನೂ ಹೊಂದ್ತೈತಿ ನೋಡು. ಡೇಟಾಶೀಟ್ ನಂಬದs ಮೀಟರ್ ಹಚ್ಚಿ ಅಳದೀ, ಕಾರಣ ಹುಡುಕಿದೀ, ಬದಲಿ ಮಾಡಿದೀ, ಎಲ್ಲಿಮಟಾ ಬಂದೈತಿ ಅಂತ ಖರೇನ ಹೇಳಿದೀ. ಬ್ಯಾಟರಿ ಮ್ಯಾಲೆ ನಡಿಯೂ ಡಿವೈಸ್ ಮಾಡೂ ಯಾವ ಫೌಂಡರ್ ಆದ್ರೂ ಇದನ್ನ ಓದಿ ನಿಲ್ತಾನ.

ಇನ್ನ ಒಂದು ಹೆಜ್ಜಿ ಮುಂದ ಹೋಗು. ಕೋಲ್ಡ್ ಸ್ಟೋರೇಜ್ ಗ್ವಾಡಿ ಅಂದ್ರ ಎರಡೂ ಕಡೆ ಕಬ್ಬಿಣದ ತಗಡು, ನಡುವ ಪಫ್ ಅನ್ನೂ ಫೋಮ್. ಆ ರೂಮಿಂದ ವೈಫೈ ಸಿಗ್ನಲ್ ಹೊರಗ ಬರೂದs ಕಷ್ಟ. ಸಿಗ್ನಲ್ ಸರಿ ಸಿಗದಿದ್ರ ಡಿವೈಸ್ ಮತ್ತ ಮತ್ತ ಕನೆಕ್ಟ್ ಆಗಾಕ ನೋಡ್ತೈತಿ, ನಿನ್ನ ಗೋಡೌನಿನ್ಯಾಗ ನಾಕು ಸೆಕೆಂಡ್ ಎಚ್ಚರ ಇರೋದು ಅಲ್ಲಿ ಹದಿನಾರು ಸೆಕೆಂಡ್ ಆತು ಅಂತ ತಿಳಿ. ಎಚ್ಚರ ಇದ್ದಾಗ 100 ಮಿಲಿಆಂಪ್ ಹಿಡದ್ರ ನಿನ್ನ ಆರು ತಿಂಗಳು ಒಂದೂವರಿ ತಿಂಗಳಿಗೆ ಇಳೀತೈತಿ. ಅದರ ಮ್ಯಾಲೆ ಥಂಡಿಯೊಳಗ ಲಿಥಿಯಂ ಬ್ಯಾಟರಿ ಪೂರ್ತಿ ಕೊಡೂದಿಲ್ಲ. ಹಂಗಾಗಿ ಮೇಲಿನ್ಯಾಗ "ನನ್ನ ರೀಡಿಂಗ್ ತಗಡಿನ ಗೋಡೌನಿಂದು, ಥಂಡಿ ರೂಮಿಂದಲ್ಲ, ಅಲ್ಲಿ ಬ್ಯಾರೆ ಬರಬಹುದು" ಅಂತ ನೀನs ಬರಿ. ಇದನ್ನ ತಿಳಕೊಂಡಾಂವ ಅಂತ ಗೊತ್ತಾಗ್ತೈತಿ.

ಕೆಟ್ಟ ಕೆಲಸ ಒಂದೈತಿ, ಅದನ್ನ ಮಾಡಬ್ಯಾಡ: "ನಿಮ್ಮ ಡಿವೈಸಿನ್ಯಾಗೂ ಈ ತಪ್ಪು ಇರಬೇಕು, ನಾನು ಸರಿ ಮಾಡ್ತೇನಿ" ಅಂತ ಬರೀಬ್ಯಾಡ. ಅವರ ಡಿವೈಸ್ ನೀನು ಬಿಚ್ಚಿ ನೋಡಿಲ್ಲ.

ಬೆಂಗಳೂರಿಗೆ ಹೋದಾಂವ

ಇದನ್ನ ನಾ ಒಪ್ಪಾಂಗಿಲ್ಲಕ್ಕಾ. ನಾನು ಒಂದು ಆ್ಯಪ್ ಕಂಪನಿಗೆ ನಿಮ್ಮ ಆ್ಯಪಿನ್ಯಾಗ ಇಂಥಾ ಬಗ್ ಐತಿ ಅಂತ ಸ್ಕ್ರೀನ್‌ಶಾಟ್ ಹಾಕೇ ಇಂಟರ್ನ್‌ಶಿಪ್ ಹೊಡದೆ. ಅವರಿಗೆ ಖುಷಿನ ಆತು.

ಸೋಲ್ಡರ್ ಅಕ್ಕ

ನೀನು ಕಣ್ಣಾರೆ ಕಂಡ ಬಗ್ ತೋರಿಸಿದಿ, ಅದು ನಡೀತೈತಿ. ಇಂವ ಊಹಾ ಮಾಡಿ ಹೇಳಿದ್ರ ನಡ್ಯಾಂಗಿಲ್ಲ. ಆದ್ರೂ ಹಾರ್ಡ್‌ವೇರಿನ್ಯಾಗ ಫೌಂಡರ್ ಮನಸು ಹೆಂಗಿರ್ತೈತಿ ಹೇಳಾಕ ಬರೂದಿಲ್ಲ, ಗಿರಾಕಿಯಿಂದ ದಿನಾ ಬೈಸಿಕೊಂಡಿರ್ತಾನ.

ಗದಗಿನ ಬಿಕಾಂ

ನಡುವ ಬಂದೆ ಅಂತ ತಪ್ಪು ತಿಳೀಬ್ಯಾಡ್ರಿ. ನಂದು ಬಿಕಾಂ ಕಡೀ ವರ್ಷ, ನಮ್ಮಂಥಾವ್ರಿಗೆ ತೋರಿಸಾಕ ಸರ್ಕ್ಯೂಟ್ ಎಲ್ಲಿಂದ ತರೂದ್ರಿ? ಸ್ಟಾರ್ಟಪ್ ಅಂದ್ರ ಬರೇ ಇಂಜಿನಿಯರ್‌ಗಳಿಗೇನು? ನಾನು ಎರಡು ಕಡೆ ಅಕೌಂಟ್ಸ್ ಇಂಟರ್ನ್‌ಶಿಪ್ ಕೇಳಿದೆ, ನಮ್ಮ ಲೆಕ್ಕ ಎಲ್ಲಾ ಸಿಎ ನೋಡ್ತಾರ ಅಂದ್ರು.

ಸೋಲ್ಡರ್ ಅಕ್ಕ

ಸಿಎ ನೋಡ್ತಾರ ಖರೆವಾ, ಆದ್ರ ಸಿಎ ಕೇಳೂ ಕಾಗದಾ ಯಾರು ಹುಡುಕಿ ಕೊಡ್ತಾರ? ನಾನs. ಪ್ರತಿ ತಿಂಗಳ 14ಕ್ಕ ಸಪ್ಲೈಯರ್‌ಗಳು ಹಾಕಿದ ಬಿಲ್ಲಿನ ಪಟ್ಟಿ ಜಿಎಸ್‌ಟಿಆರ್-2ಬಿ ಬರ್ತೈತಿ, 20ರೊಳಗ 3ಬಿ ರಿಟರ್ನ್ ಹಾಕಬೇಕು, ಆ ನಡುವ ನಮ್ಮ ಪರ್ಚೇಸ್ ಬಿಲ್ಲಿಗೂ 2ಬಿಗೂ ಯಾವುದು ಹೊಂದವಲ್ದು ಅಂತ ರಾತ್ರಿ ಕುಂತು ನೋಡ್ತೇನಿ, ಬಿಲ್ ಹಾಕದ ಸಪ್ಲೈಯರ್‌ಗೆ ಫೋನ್ ಹಚ್ತೇನಿ. "ಆ ಆರು ದಿನ ಈ ಕೆಲಸ ನಾನು ಮಾಡ್ತೇನಿ, ಗದಗಿಂದs ಮಾಡಬಹುದು, ನಮ್ಮ ಕಾಕಾರ ಅಂಗಡಿದು ಮಾಡೇನಿ" ಅಂತ ಯಾರಾರ ಬರದ್ರ ನಾನು ಅವತ್ತs ಫೋನ್ ಮಾಡ್ತೇನಿ. ಅಕೌಂಟ್ಸ್ ಇಂಟರ್ನ್‌ಶಿಪ್ ಐತೇನು ಅಂತ ಕೇಳಿದ್ರ ಮಾತ್ರ ಸಿಎ ಅದಾರ ಅಂತೇನಿ.

ಗದಗಿನ ಬಿಕಾಂ

ಕಾಕಾರ ಅಂಗಡಿ ಇಲ್ರಿ, ಆದ್ರ ನಮ್ಮ ಓಣ್ಯಾಗ ಒಬ್ಬರ ಹೋಲ್‌ಸೇಲ್ ಅಂಗಡಿ ಐತಿ, ಕೇಳಿ ನೋಡ್ತೇನ್ರಿ.

ಹಾವೇರಿ ಇಸಿ ಹುಡುಗ

ಮತ್ತೊಮ್ಮೆ ಬರದೇನ್ರಿ.

> ವಿಷಯ: ಇಎಸ್‌ಪಿ32 ಲಾಗರ್, 8 ಎಂಎ ಸ್ಲೀಪ್ ಕರೆಂಟ್ ಇಳಿಸಿದ್ದು – ಜನವರಿ ಇಂಟರ್ನ್‌ಶಿಪ್ ಬಗ್ಗೆ
>
> ನಮಸ್ಕಾರ ಸರ್. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳಿಗೆ ನೀವು ಹಾಕಿರುವ ಲಾಗರ್ ಬಗ್ಗೆ ನಿಮ್ಮ ವೆಬ್‌ಸೈಟ್‌ನಲ್ಲಿ ಓದಿದೆ. ನಮ್ಮ ಮಾವನ ಮೆಣಸಿನಕಾಯಿ ಗೋಡೌನ್‌ನಲ್ಲಿ ನಾನೂ ಒಂದು ಲಾಗರ್ ಇಟ್ಟಿದ್ದೇನೆ. 2000 ಎಂಎಎಚ್ ಬ್ಯಾಟರಿ ಹತ್ತು ದಿನಕ್ಕೆ ಮುಗಿಯುತ್ತಿತ್ತು. ಬೋರ್ಡ್ ಮಲಗಿದ್ದಾಗಲೂ 8 ಎಂಎ ಎಳೆಯುತ್ತಿತ್ತು. ರೆಗ್ಯುಲೇಟರ್ ಬದಲಿಸಿ ಬರೀ ಮಾಡ್ಯೂಲ್ ಬಳಸಿದ ಮೇಲೆ ಲೆಕ್ಕದ ಪ್ರಕಾರ ಐದಾರು ತಿಂಗಳು ಬರಬೇಕು. ಇದು ತಗಡಿನ ಗೋಡೌನ್‌ನ ಅಳತೆ. ಥಂಡಿ ರೂಮಿನಲ್ಲಿ ಸಿಗ್ನಲ್ ಸಿಗದೆ ಕಡಿಮೆಯಾಗಬಹುದು, ಅದನ್ನು ನಾನು ಅಳೆದಿಲ್ಲ. ಫೋಟೊ, ರೀಡಿಂಗ್ ಒಂದೇ ಪುಟದಲ್ಲಿ ಇಲ್ಲಿವೆ: ಲಿಂಕ್.
>
> ಹಾವೇರಿಯಲ್ಲಿ ಇಸಿ ಐದನೇ ಸೆಮ್ ಓದುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ಜನವರಿ ಕೊನೆಯಿಂದ ನಾಲ್ಕು ವಾರ ಪೂರ್ತಿ ಬಿಡುವು. ಆ ಸಮಯದಲ್ಲಿ ಬ್ಯಾಟರಿ ಪರೀಕ್ಷೆ, ಬೋರ್ಡ್ ಟೆಸ್ಟಿಂಗ್ ಅಥವಾ ಬ್ಯಾಡಗಿಯಲ್ಲಿ ಡಿವೈಸ್ ಹಾಕುವ ಕೆಲಸದಲ್ಲಿ ನಿಮ್ಮ ಜೊತೆ ಇಂಟರ್ನ್ ಆಗಿ ಕೆಲಸ ಮಾಡಲು ಇಷ್ಟ. ಮುಂದಿನ ವಾರ ಹತ್ತು ನಿಮಿಷ ಫೋನ್‌ನಲ್ಲಿ ಮಾತಾಡಬಹುದೇ?

ಸೋಲ್ಡರ್ ಅಕ್ಕ

ಇದು ಮೇಲ್. ಸ್ವಲ್ಪ ಸುಧಾರಿಸೂದೈತಿ. ವಿಷಯದ ಸಾಲು ಉದ್ದಾತು, ಫೋನಿನ್ಯಾಗ ಮೊದಲ ಐದಾರು ಶಬ್ದಾನs ಕಾಣೂದು. "ಬ್ಯಾಡಗಿ ಗೋಡೌನ್ ಲಾಗರ್, ಜನವರಿ ಇಂಟರ್ನ್‌ಶಿಪ್" ಅಷ್ಟು ಸಾಕು. ಬ್ಯಾಡಗಿ ಅನ್ನೂದು ಮೊದಲs ಇರಲಿ, ಅವರ ಗಿರಾಕಿ ಇರೂ ಊರು ಅದು, ಮೇಲ್ ತಗದs ತಗೀತಾರ.

ನೀನು ಬ್ಯಾಡಗಿಯೊಳಗ ಡಿವೈಸ್ ಹಾಕೂ ಕೆಲಸ ಅಂತ ಬರದಿದ್ದು ಗೊತ್ತಿದ್ದು ಬರದ್ಯೋ ಗೊತ್ತಿಲ್ಲದs ಬರದ್ಯೋ, ಆದ್ರ ಅದs ಗಟ್ಟಿ ಮಾತು. ಜನವರಿಯಿಂದ ಮಾರ್ಚ್‌ಮಟಾ ಬ್ಯಾಡಗಿ ಮಾರ್ಕೆಟ್ಟಿಗೆ ಹೊಸ ಮೆಣಸಿನಕಾಯಿ ಜೋರು ಬರ್ತೈತಿ, ಅದರ ಬೆನ್ನs ಸ್ಟೋರೇಜ್ ತುಂಬ್ತಾವ. ರೂಮ್ ತುಂಬೂಕಿಂತ ಮೊದಲs ಸೆನ್ಸರ್ ಕೂಡಿಸಬೇಕು, ಚೀಲಾ ಒಟ್ಟಿದ ಮ್ಯಾಲೆ ಒಳಗ ಹೋಗಾಕ ದಾರಿ ಇರೂದಿಲ್ಲ. ಅಂದ್ರ ವರ್ಷದಾಗ ಅವರಿಗೆ ಕೈ ಕಡಿಮಿ ಬೀಳೂದು ಆಗs, ನಿನಗ ಬಿಡುವು ಇರೂದೂ ಆಗs. ಏಪ್ರಿಲ್‌ನ್ಯಾಗ ಇದs ಮೇಲ್ ಹಾಕಿದ್ರ ಪುಣ್ಯಾಕ್ಕ ರಿಪ್ಲೈ ಬಂದೀತು.

ಎಲ್ಲಿಗೆ ಕಳಸ್ತೀ? ಹೆಸರಿನ ಮ್ಯಾಲೆ ಊಹಾ ಮಾಡಿ ಕಳಸೂಕಿಂತ ಅವರ ಆ್ಯಪ್ ಪ್ಲೇ ಸ್ಟೋರಿನ್ಯಾಗ ಇದ್ರ ಅದರ ಪುಟದಾಗ ಡೆವಲಪರ್ ಮೇಲ್ ಐಡಿ ಇರ್ತೈತಿ, ನೋಡು. ಸಣ್ಣ ಕಂಪನಿಯೊಳಗ ಅದನ್ನ ಫೌಂಡರ್ ಇಲ್ಲಾ ಕೋಡ್ ಬರಿಯಾಂವನs ಓದ್ತಾನ. `info@` ಅಂತ ಇದ್ರೂ ಅಂಜಬ್ಯಾಡ, ಆರು ಮಂದಿ ಕಂಪನಿಯೊಳಗ ಅದೂ ಫೌಂಡರ್ ಫೋನಿಗೇ ಬರೂದು. ಪರ್ಸನಲ್ ನಂಬರ್ ಹುಡುಕಿ ವಾಟ್ಸಾಪ್ ಮಾಡಬ್ಯಾಡ.

ಲಿಂಕಿಗೆ `Anyone with the link` ಹಾಕಿ, ಇನ್‌ಕಾಗ್ನಿಟೋದಾಗ ತಗದು ನೋಡಿ ಆಮ್ಯಾಲೆ ಕಳಸು. ಪರ್ಮಿಷನ್ ಕೇಳೂ ಲಿಂಕ್ ಬಂದ್ರ ನಾನು ಅಲ್ಲಿಗೇ ಬಿಡ್ತೇನಿ, ನೆನಪಿಟ್ಟು ಮತ್ತ ತಗಿಯೂದಿಲ್ಲ.

ಧಾರವಾಡದ ಮಾಸ್ತರ

ಸ್ಟೈಪೆಂಡ್ ವಿಷಯ ಯಾರೂ ಮಾತಾಡವಲ್ರಿ. ನಾನು ಪ್ಲೇಸ್‌ಮೆಂಟ್ ಕೆಲಸ ಮಾಡಿದಾಂವ, ಮೊದಲನೇ ಮೇಲಿನ್ಯಾಗನ ಕೇಳಬೇಕು ಅಂತೀನಿ. ಹಾವೇರಿಯಿಂದ ಹುಬ್ಬಳ್ಳಿಗೆ ದಿನಾ ಬಸ್ಸು, ಊಟಾ ಅಂದ್ರ ಹುಡುಗನ ಮನಿಯವರಿಗೆ ಹಗುರ ಅಲ್ಲ.

ಸೋಲ್ಡರ್ ಅಕ್ಕ

ಮಾಸ್ತರ, ಮೊದಲ ಮೇಲಿನ್ಯಾಗ ಬ್ಯಾಡ್ರಿ, ಕೆಲಸಾನs ಗೊತ್ತಿಲ್ಲದಾಗ ರೊಕ್ಕದ ಮಾತು ಬಂದ್ರ ಅಲ್ಲೇ ನಿಲ್ತೈತಿ. ಫೋನಿನ್ಯಾಗ ಕೆಲಸ ಏನು ಅಂತ ಆದ ಮ್ಯಾಲೆ ಸೀದಾ ಕೇಳಲಿ.

ಧಾರವಾಡದ ಮಾಸ್ತರ

ಫೋನಿನ್ಯಾಗ ಇಪ್ಪತ್ತು ವರ್ಷದ ಹುಡುಗ ಫೌಂಡರ್ ಮುಂದ ಬಾಯಿ ತಗೀತಾನೇನ್ರಿ? ಹೂಂ ಸರ್ ಹೂಂ ಸರ್ ಅಂತಾನ, ಬಿಟ್ಟಿ ದುಡೀತಾನ. ನಿಮ್ಮಂಥಾವ್ರು ಒಳ್ಳೆಯವರು, ಎಲ್ಲಾರೂ ಹಂಗ ಇಲ್ಲ. ನಮ್ಮ ಕಡೆ ರೊಕ್ಕ ಕೊಡೂದು ಹೋಗ್ಲಿ, ಸರ್ಟಿಫಿಕೇಟಿಗೆ ಹುಡುಗರ ಕಡೆಯಿಂದನ ರೊಕ್ಕ ತಗೊಳ್ಳೂ "ಇಂಟರ್ನ್‌ಶಿಪ್" ಅಂಗಡಿಗಳು ಎಷ್ಟ ಅವ. ಇನ್ನೊಂದು, ಕಾಲೇಜಿನ ಎನ್‌ಒಸಿ ಮೊದಲ ತಗೊಂಡು ಇಟ್ಕೊ, ಆದ್ರ ಮೊದಲನೇ ಮೇಲಿಗೆ ಹಚ್ಚಬ್ಯಾಡ. ಅವರು ಹೂಂ ಅಂದ ಮ್ಯಾಲೆ ಕೊಡು.

ಬಸ್ಯಾ ನವನಗರ

ಸರ್ಟಿಫಿಕೇಟಿಗೆ ರೊಕ್ಕ ಕೇಳೂವು ನನಗೂ ರಿಪ್ಲೈ ಮಾಡಿದ್ವು. ಖರೇ ಹೇಳಬೇಕಂದ್ರ ಆ ಇಬ್ಬರು ಅವರs 😅

ಬೆಂಗಳೂರಿಗೆ ಹೋದಾಂವ

😂😂 ನಂಬರ್ ಆಟ

ಹಾವೇರಿ ಇಸಿ ಹುಡುಗ

ಅಪ್‌ಡೇಟ್: ಪ್ಲೇ ಸ್ಟೋರ್ ಐಡಿಗೆ ಹಾಕಿದೆ. ವಾರಾದ್ರೂ ಸುದ್ದಿ ಇಲ್ಲ. ಮತ್ತ ಮೇಲ್ ಹಾಕಿದ್ರ ಸಿಟ್ಟಿಗೇಳ್ತಾರೇನ್ರಿ?

ಸೋಲ್ಡರ್ ಅಕ್ಕ

ಇಲ್ಲೋ, ಒಮ್ಮೆ ಹಾಕು. ಹೊಸಾ ಮೇಲ್ ಅಲ್ಲ, ಅದs ಮೇಲಿಗೆ ರಿಪ್ಲೈ ಮಾಡು, ಹಳೇದು ಕೆಳಗ ಕಾಣಬೇಕು. "ನೆನಪಿಸಾಕ ಬರದೆ" ಅಂತ ಬರೀಬ್ಯಾಡ, ಹೊಸಾದು ಏನಾರ ಒಂದು ಸಾಲು ಕೊಡು. ಈ ವಾರ ಬ್ಯಾಟರಿ ವೋಲ್ಟೇಜ್ ಎಷ್ಟಕ್ಕ ಇಳೀತು ಅಂತ ಹಾಕು, ಅಷ್ಟs. ಅದಕ್ಕೂ ಉತ್ತರ ಬರದಿದ್ರ ಬಿಡು, ಮುಂದಿನ ಕಂಪನಿ ನೋಡು.

ಹಾವೇರಿ ಇಸಿ ಹುಡುಗ

ಬಂತ್ರೀ ರಿಪ್ಲೈ!! ವೋಲ್ಟೇಜ್ ಗ್ರಾಫ್ ಹಾಕಿ ರಿಪ್ಲೈ ಮಾಡಿದ್ದೆ, ಅವತ್ತs ರಾತ್ರಿ ಬರದಾರ. ಎರಡು ಮೂರು ಸಾಲs. "ನಾವು ವೈಫೈ ಬಳಸುವುದಿಲ್ಲ, ಲೋರಾ ಬಳಸುತ್ತೇವೆ. ಲ್ಯಾಬ್ ಕೆಲಸಕ್ಕೆ ಈಗ ಯಾರೂ ಬೇಡ. ಫೆಬ್ರವರಿಯಲ್ಲಿ ಬ್ಯಾಡಗಿಯಲ್ಲಿ ಇನ್‌ಸ್ಟಾಲೇಶನ್ ಇದೆ, ನಮ್ಮ ಹುಡುಗನ ಜೊತೆ ಓಡಾಡಲು ಒಬ್ಬರು ಬೇಕು. ಶನಿವಾರ ಫೋನ್ ಮಾಡಿ" ಅಂತ. ನಂಬರ್ ಕೊಟ್ಟಾರ. ಆದ್ರ ಇದು ಬರೇ ವೈರ್ ಎಳಿಯೂದು, ಡಬ್ಬಿ ಜಡಿಯೂದು ಆದ್ರ ಇಂಟರ್ನ್‌ಶಿಪ್ ಅಂತ ಕಾಲೇಜು ಒಪ್ಪತೈತೇನ್ರಿ?

ಧಾರವಾಡದ ಮಾಸ್ತರ

ಅದ ನನ್ನ ಚಿಂತಿ. ಕಾಲೇಜು ರಿಪೋರ್ಟ್ ಕೇಳ್ತದ, ರಿಪೋರ್ಟಿನ್ಯಾಗ ಬರೀಲಿಕ್ಕೆ ಏನರ ಇರಬೇಕು. ಡಬ್ಬಿ ಜಡದೆ ಅಂತ ಬರೀಲಿಕ್ಕೆ ಬರೂದಿಲ್ಲ. ನಿಮ್ಮ ಗೈಡ್‌ಗೆ ಈಗನ ಕೇಳು.

ಸೋಲ್ಡರ್ ಅಕ್ಕ

ಜಡಿಯೂದs ಇರ್ತೈತಿ, ಸುಳ್ಳು ಹೇಳಾಂಗಿಲ್ಲ. ಆದ್ರ ಡಬ್ಬಿ ಯಾವ ಮೂಲಿಗೆ ಇಟ್ರ ಸಿಗ್ನಲ್ ಎಷ್ಟು ಬರ್ತೈತಿ ಅಂತ ನೋಡೇ ಇಡಬೇಕು, ರೂಮ್ ಖಾಲಿ ಇದ್ದಾಗ ಬರೂ ಸಿಗ್ನಲ್ ಚೀಲಾ ತುಂಬಿದ ಮ್ಯಾಲೆ ಬರೂದಿಲ್ಲ. ಶನಿವಾರ ಫೋನಿನ್ಯಾಗ ಕೇಳು: "ಪ್ರತಿ ರೂಮಿಂದು ತುಂಬೂ ಮೊದಲು, ತುಂಬಿದ ಮ್ಯಾಲೆ ಸಿಗ್ನಲ್ ಮತ್ತ ಬ್ಯಾಟರಿ ರೀಡಿಂಗ್ ನಾನು ಬರದಿಟ್ಟು ಕಡೀಕ ನಿಮಗೂ ಕಾಲೇಜಿಗೂ ರಿಪೋರ್ಟ್ ಕೊಡ್ಲೇನ್ರಿ?" ಹೂಂ ಅಂದ್ರ ಮಾಸ್ತರ ಚಿಂತಿನೂ ಹೋತು. ಫೋನಿಗೆ ಮೊದಲು ಲೋರಾ ಬಗ್ಗೆ ಒಂದು ಸಂಜಿ ಓದ್ಕೋ, ನಮ್ಮಲ್ಲೆ ಅದು 865ರಿಂದ 868 ಮೆಗಾಹರ್ಟ್ಜ್‌ನ್ಯಾಗ ಲೈಸೆನ್ಸ್ ಇಲ್ಲದs ನಡೀತೈತಿ, ಆ್ಯಂಟೆನಾ ಹಂಗs ಬ್ಯಾರೆ ಬೇಕು. ಬಸ್ಸಿನ ಖರ್ಚು, ಊಟಾನೂ ಅವತ್ತs ಕೇಳು, ಮಾಸ್ತರಿಗೆ ಅಂಜಿ ಹೇಳಾಕತ್ತಿಲ್ಲ ನಾನು.

ಹಾವೇರಿ ಇಸಿ ಹುಡುಗ

ಕೇಳ್ತೇನ್ರಿ ಅಕ್ಕಾರ. ಮಾಮಾರ ಮನಿ ಬ್ಯಾಡಗಿಯೊಳಗs ಐತಿ, ಊಟಕ್ಕ ಇರೂದಕ್ಕ ಚಿಂತಿ ಇಲ್ಲ. ಇದನ್ನ ಅವರಿಗೆ ಹೇಳ್ಲೋ ಬ್ಯಾಡೋ? ಹೇಳಿದ್ರ ರೊಕ್ಕ ಕಡಿಮಿ ಮಾಡ್ತಾರೇನು ಅಂತ.

ಬಸ್ಯಾ ನವನಗರ

ಹೇಳಬ್ಯಾಡ!

ಧಾರವಾಡದ ಮಾಸ್ತರ

ಹೇಳು. ಬ್ಯಾಡಗಿಯೊಳಗ ಇರಲಿಕ್ಕೆ ಜಾಗಾ ಅದ ಅಂದ್ರ ಅವರಿಗೆ ಅದೇ ದೊಡ್ಡ ಅನುಕೂಲ, ಮುಂಜಾನೆ ಆರಕ್ಕ ಸ್ಟೋರೇಜ್ ಬಾಗಲಾ ತಗಿಯೂ ಮುಂದ ನೀನು ಅಲ್ಲೇ ಇರ್ತೀ. ರೊಕ್ಕದ ಮಾತು ಮೊದಲ ಮುಗಿಸಿ ಆಮ್ಯಾಲೆ ಹೇಳು.